ಗೇಮ್‌ನಲ್ಲಿ ಆಯುಧ ಮುರಿಯುವುದು ಬರೀ ಅದೃಷ್ಟವೇ? ಜೆಲ್ಡಾ ಕತ್ತಿಯ ಲೆಕ್ಕ ಹೀಗಿದೆ

‘ಒಳ್ಳೆಯ ಕತ್ತಿ ಸಿಕ್ಕಿತು ಅನ್ನುವಷ್ಟರಲ್ಲೇ ಮುರಿದುಹೋಯಿತು. ಈ ಗೇಮ್ ಬೇಕಂತಲೇ ಮೋಸ ಮಾಡುತ್ತದೆ.’ 2017ರಲ್ಲಿ ನಿಂಟೆಂಡೊ ಹೊರತಂದ ‘ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ಆಡಿದ ಬಹಳ ಜನರ ದೂರು ಇದು. ಆದರೆ ಇಲ್ಲಿ ಆಯುಧ ಮುರಿಯುವುದಕ್ಕೂ ಅದೃಷ್ಟಕ್ಕೂ ಸಂಬಂಧವಿಲ್ಲ. ಅದರ ಹಿಂದೆ ಒಂದು ಸರಳ ಲೆಕ್ಕವಿದೆ.

ಆಯುಧ ಯಾವಾಗ ಮುರಿಯುತ್ತದೆ?

ಈ ಗೇಮ್‌ನಲ್ಲಿ ಪ್ರತಿ ಆಯುಧಕ್ಕೂ ಎರಡು ಅಂಕಿಗಳಿವೆ. ಮೊದಲನೆಯದು ಹೊಡೆತದ ಶಕ್ತಿ, ಅದು ಪರದೆಯ ಮೇಲೆ ಕಾಣುತ್ತದೆ. ಎರಡನೆಯದು ಬಾಳಿಕೆ, ಅದನ್ನು ಗೇಮ್ ತೋರಿಸುವುದಿಲ್ಲ. ಆಯುಧ ಶತ್ರುವಿಗೋ ಗಟ್ಟಿ ವಸ್ತುವಿಗೋ ತಗುಲಿದಾಗ ಬಾಳಿಕೆ ಕಡಿಮೆಯಾಗುತ್ತದೆ. ಗಾಳಿಯಲ್ಲಿ ಬೀಸಿದರೆ ಕತ್ತಿ ಸವೆಯುವುದಿಲ್ಲ.

ಆರಂಭದಲ್ಲಿ ಸಿಗುವ ಮರದ ಕೊಂಬೆಯ ಬಾಳಿಕೆ ಕೇವಲ 4. ಟ್ರಾವೆಲರ್ಸ್ ಸ್ವೋರ್ಡ್‌ನ ಬಾಳಿಕೆ 20, ಸೋಲ್ಜರ್ಸ್ ಬ್ರಾಡ್‌ಸ್ವೋರ್ಡ್‌ನದು 23. ಇನ್ನೇನು ಮುರಿಯುತ್ತದೆ ಅನ್ನುವಾಗ ಎಚ್ಚರಿಕೆಯ ಸಂದೇಶ ಬರುತ್ತದೆ, ಆಯುಧದ ಚಿತ್ರ ಕೆಂಪಗೆ ಮಿನುಗುತ್ತದೆ.

ಆಯುಧ ಬದಲಿಸಿದರೆ ಏನು ಲಾಭ?

ಒಂದು ಉದಾಹರಣೆ ನೋಡಿ. ಕೆಂಪು ಬೊಕೊಬ್ಲಿನ್ ಎಂಬ ಸಾಮಾನ್ಯ ಶತ್ರುವಿನ ಜೀವಬಲ 13, ನೀಲಿ ಬೊಕೊಬ್ಲಿನ್‌ನದು 72. ಟ್ರಾವೆಲರ್ಸ್ ಸ್ವೋರ್ಡ್‌ನ ಶಕ್ತಿ 5. ಹಾಗಾಗಿ ಸಾಮಾನ್ಯ ಹೊಡೆತದಲ್ಲಿ ಕೆಂಪು ಬೊಕೊಬ್ಲಿನ್ ಸಾಯಲು 3 ಏಟು ಸಾಕು. ನೀಲಿಯದಕ್ಕೆ ಬೇಕಾಗುವುದು 15 ಏಟು! ಅಂದರೆ ಒಂದೇ ಶತ್ರುವಿಗೆ ಕತ್ತಿಯ ಮುಕ್ಕಾಲು ಆಯುಷ್ಯ ಖರ್ಚಾಯಿತು.

ಸೋಲ್ಜರ್ಸ್ ಬ್ರಾಡ್‌ಸ್ವೋರ್ಡ್‌ನ ಶಕ್ತಿ 14. ಅದರಿಂದ ನೀಲಿ ಬೊಕೊಬ್ಲಿನ್‌ಗೆ 6 ಏಟು ಸಾಕು. ಹೀಗಾಗಿ ನೀಲಿಯ ಎದುರು ದೊಡ್ಡ ಕತ್ತಿ, ಕೆಂಪಿನ ಎದುರು ಚಿಕ್ಕ ಕತ್ತಿ ಹಿಡಿಯುವುದು ಜಾಣತನ. ಯಾರೂ ಹೇಳಿಕೊಡದಿದ್ದರೂ ಆಟಗಾರರು ಶತ್ರುವನ್ನು ನೋಡಿ ಆಯುಧ ಬದಲಿಸಲು ಕಲಿಯುವುದು ಇದರಿಂದಲೇ.

ಇನ್ನೂ ಜಾಣರು ಆಯುಧವನ್ನೇ ಹಿಡಿಯುವುದಿಲ್ಲ. ಎತ್ತರದಿಂದ ಬಂಡೆ ಉರುಳಿಸಬಹುದು, ಎಷ್ಟು ಬಳಸಿದರೂ ಮುಗಿಯದ ಬಾಂಬ್ ಎಸೆಯಬಹುದು, ಕಬ್ಬಿಣದ ಪೆಟ್ಟಿಗೆಯನ್ನು ಅಯಸ್ಕಾಂತ ಶಕ್ತಿಯಿಂದ ಎತ್ತಿ ಶತ್ರುವಿನ ತಲೆಯ ಮೇಲೆ ಬೀಳಿಸಬಹುದು. ಇವುಗಳಿಂದ ಕತ್ತಿ ಒಂದಿಷ್ಟೂ ಸವೆಯುವುದಿಲ್ಲ. ಕತ್ತಿ ಎಂದೂ ಮುರಿಯದಿದ್ದರೆ ಈ ದಾರಿಗಳನ್ನು ಎಷ್ಟು ಜನ ಹುಡುಕುತ್ತಿದ್ದರು?

ಮುರಿದರೆ ನಷ್ಟವೇ?

ಪೂರ್ತಿ ನಷ್ಟವಲ್ಲ. ಆಯುಧ ಮುರಿಯುವ ಕೊನೆಯ ಏಟಿಗೆ ಎರಡು ಪಟ್ಟು ಪೆಟ್ಟು ಬೀಳುತ್ತದೆ. ಹಾಗಾಗಿ ಕೆಂಪಗೆ ಮಿನುಗುವ ಕತ್ತಿಯನ್ನು ಶತ್ರುವಿನ ಮೇಲೆ ಎಸೆಯುವುದು ಒಳ್ಳೆಯ ಉಪಾಯ. ಸತ್ತ ಶತ್ರುವಿನ ಆಯುಧ ಅಲ್ಲೇ ಬಿದ್ದಿರುತ್ತದೆ, ಅದನ್ನು ಎತ್ತಿಕೊಳ್ಳಬಹುದು. ಆಗಾಗ ಬರುವ ‘ಬ್ಲಡ್ ಮೂನ್’ ರಾತ್ರಿಯಲ್ಲಿ ಸತ್ತ ಶತ್ರುಗಳು ಮತ್ತೆ ಹುಟ್ಟುತ್ತಾರೆ, ಅವರ ಆಯುಧಗಳೂ ಮರಳಿ ಬರುತ್ತವೆ. ಆದ್ದರಿಂದ ಆಯುಧಗಳಿಗೆ ಬರ ಬರುವುದಿಲ್ಲ.

ಹೆಸರಾಂತ ಮಾಸ್ಟರ್ ಸ್ವೋರ್ಡ್‌ಗೂ ಪೂರ್ತಿ ವಿನಾಯಿತಿಯಿಲ್ಲ. ಅದು ಮುರಿಯುವುದಿಲ್ಲ, ಆದರೆ ಶಕ್ತಿ ಮುಗಿದರೆ 10 ನಿಮಿಷ ಸುಮ್ಮನಿರುತ್ತದೆ. ಅಷ್ಟು ಹೊತ್ತು ಬೇರೆ ಆಯುಧವೇ ಗತಿ.

ಈ ವ್ಯವಸ್ಥೆ ಎಡವುವುದು ಎಲ್ಲಿ?

ದೂರುವವರ ಮಾತಿನಲ್ಲೂ ಹುರುಳಿದೆ. ಮುರಿಯುವ ಭಯಕ್ಕೆ ಹಲವರು ಒಳ್ಳೆಯ ಆಯುಧವನ್ನು ಮದುವೆ ಸೀರೆಯಂತೆ ಮಡಿಸಿಟ್ಟು, ದೊಣ್ಣೆ ಹಿಡಿದೇ ಕಾದಾಡುತ್ತಾರೆ. ಚೀಲದಲ್ಲಿ ಜಾಗ ಕಡಿಮೆ, ಅದು ತುಂಬಿದ ಮೇಲೆ ಸಿಕ್ಕ ಆಯುಧವನ್ನು ಅಲ್ಲೇ ಬಿಟ್ಟು ಹೋಗಬೇಕು. ಎರಡನೆಯ ತೊಂದರೆ, ಗೆದ್ದರೆ ಸಿಗುವ ಆಯುಧಕ್ಕಿಂತ ಗೆಲ್ಲಲು ಸವೆಸಿದ ಆಯುಧವೇ ಉತ್ತಮವಾಗಿದ್ದರೆ ಕಾದಾಡಿ ಏನು ಪ್ರಯೋಜನ? ಆಗ ಆಟಗಾರ ಆಯುಧ ಬದಲಿಸುವ ಬದಲು ಜಗಳದಿಂದಲೇ ದೂರ ಉಳಿಯುತ್ತಾನೆ.

2023ರಲ್ಲಿ ಬಂದ ಮುಂದಿನ ಕಂತು ‘ಟಿಯರ್ಸ್ ಆಫ್ ದಿ ಕಿಂಗ್‌ಡಮ್’ ಇದಕ್ಕೆ ಒಂದು ಉತ್ತರ ಕೊಟ್ಟಿತು. ಅಲ್ಲಿ ‘ಫ್ಯೂಸ್’ ಎಂಬ ಶಕ್ತಿಯಿಂದ ಕೋಲಿಗೆ ಬಂಡೆಯನ್ನು, ಕತ್ತಿಗೆ ಶತ್ರುವಿನ ಕೊಂಬನ್ನು ಜೋಡಿಸಬಹುದು. ಶಕ್ತಿ, ಬಾಳಿಕೆ ಎರಡೂ ಹೆಚ್ಚುತ್ತವೆ. ಆಯುಧ ಆಗಲೂ ಮುರಿಯುತ್ತದೆ. ಆದರೆ ಚೀಲದಲ್ಲಿ ಕೊಂಬುಗಳಿದ್ದರೆ ಸಾಧಾರಣ ಕತ್ತಿಯಿಂದಲೂ ಹೊಸ ಆಯುಧ ತಯಾರು, ಹಾಗಾಗಿ ಕಾದಾಟಕ್ಕೂ ಒಂದು ಅರ್ಥ ಬಂತು.

ನಿಮ್ಮ ಚೀಲದಲ್ಲಿರುವುದೆಲ್ಲ ಭಾರಿ ಆಯುಧ, ಕೈಯಲ್ಲಿರುವುದು ಮಾತ್ರ ದೊಣ್ಣೆ ಎಂದಾದರೆ ನೀವು ಕೂಡಿಡುತ್ತಿದ್ದೀರಿ ಎಂದರ್ಥ. ಮುಂದಿನ ನೀಲಿ ಬೊಕೊಬ್ಲಿನ್ ಎದುರಾದಾಗ ಒಳ್ಳೆಯ ಕತ್ತಿಯನ್ನೇ ಹೊರತೆಗೆಯಿರಿ. ಏಟೂ ಕಡಿಮೆ, ಸವೆತವೂ ಕಡಿಮೆ.