ಒಂದೇ ದಿನ ಬದಲಾದ ಎರಡು ಹನಿ

2016ರ ಏಪ್ರಿಲ್ 25, ಸೋಮವಾರ. ಅಂದಿನಿಂದ ಶಿವಮೊಗ್ಗದ ಕೋಟೆಯಲ್ಲಾಗಲಿ, ಭದ್ರಾವತಿಯ ನ್ಯೂಟೌನ್, ಕಾಗದನಗರಗಳಲ್ಲಾಗಲಿ ಮಗುವಿನ ಬಾಯಿಗೆ ಬಿದ್ದ ಪೋಲಿಯೊ ಹನಿ ಹಿಂದಿನ ವಾರದ ಹನಿಯಾಗಿರಲಿಲ್ಲ. ತಾಯಂದಿರಿಗೆ ಇದು ಗೊತ್ತಾಗುವಂತಿರಲಿಲ್ಲ. ಹನಿ ಎರಡೇ, ಸೀಸೆಯ ಗಾತ್ರವೂ ಅಷ್ಟೇ, ಹಾಕುವ ಕೈಯೂ ಅದೇ. ಆದರೆ ಮೂರು ಬಗೆಯ ವೈರಸ್ ಇದ್ದ ಲಸಿಕೆ ಇಡೀ ದೇಶದಲ್ಲಿ ಅಂದು ನಿಂತು, ಎರಡೇ ಬಗೆ ಇರುವ ಲಸಿಕೆ ಅದರ ಜಾಗಕ್ಕೆ ಬಂತು. ಏಪ್ರಿಲ್ 17ರಿಂದ ಮೇ 1ರವರೆಗಿನ ಎರಡು ವಾರಗಳಲ್ಲಿ 155 ದೇಶ ಮತ್ತು ಪ್ರಾಂತ್ಯಗಳು ಇದೇ ಬದಲಾವಣೆ ಮಾಡಿಕೊಂಡವು.

ಇದಕ್ಕೆ ಬೇಕಾಗಿದ್ದದ್ದು ಒಂದು ಸೂಚನೆ. ಲಸಿಕೆ ಹಾಕುವ ಪ್ರತಿಯೊಬ್ಬ ಎಎನ್‌ಎಂ, ಆಶಾ ಕಾರ್ಯಕರ್ತೆ, ಫಾರ್ಮಸಿಸ್ಟ್ ಮತ್ತು ವೈದ್ಯರಿಗೆ ಅದು ತಲುಪಬೇಕಿತ್ತು. ಏಕೆ ಬದಲಾವಣೆ, ಯಾವತ್ತು, ನಾನೇನು ಮಾಡಬೇಕು, ಸಂದೇಹ ಬಂದರೆ ಯಾರನ್ನು ಕೇಳಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಇರಬೇಕಿತ್ತು. ಈ ಉತ್ತರಗಳನ್ನು ಯಾರೂ ತಮಗೆ ತೋಚಿದಂತೆ ಬರೆಯುವ ಹಾಗಿರಲಿಲ್ಲ. ಒಂದೊಂದನ್ನೂ ವೈರಸ್ಸಿನ ಸ್ವಭಾವವೇ ನಿರ್ಧರಿಸಿತ್ತು.

ಏಕೆ: ಮದ್ದೇ ಅಪಾಯವಾದಾಗ

ಪೋಲಿಯೊ ವೈರಸ್ಸಿನಲ್ಲಿ ಮೂರು ಬಗೆ. ಬಾಯಿಗೆ ಹಾಕುವ ಹಳೆಯ ಲಸಿಕೆ ಟಿಒಪಿವಿಯಲ್ಲಿ ಮೂರೂ ಬಗೆಯ ವೈರಸ್ ಜೀವಂತವಾಗಿ, ಆದರೆ ದುರ್ಬಲಗೊಳಿಸಿದ ರೂಪದಲ್ಲಿ ಇರುತ್ತಿತ್ತು. ಮಗುವಿನ ಕರುಳಿನಲ್ಲಿ ಅದು ಕೆಲವು ವಾರ ಬೆಳೆದು ರೋಗನಿರೋಧಕ ಶಕ್ತಿ ಕೊಟ್ಟು, ಮಲದೊಂದಿಗೆ ಹೊರಹೋಗುತ್ತದೆ. ಊರಿನ ಮಕ್ಕಳಿಗೆಲ್ಲ ಲಸಿಕೆ ಆಗಿದ್ದರೆ ಅದರ ಪ್ರಯಾಣ ಅಲ್ಲಿಗೇ ಮುಗಿಯಿತು. ಲಸಿಕೆ ಆಗದ ಮಕ್ಕಳು ಹೆಚ್ಚಿದ್ದರೆ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋಗಿ, ತಿಂಗಳುಗಳು ಕಳೆದಂತೆ ರೂಪಾಂತರಗೊಂಡು, ಕಳೆದುಕೊಂಡಿದ್ದ ಶಕ್ತಿಯನ್ನು ಮತ್ತೆ ಪಡೆದು, ಮಕ್ಕಳನ್ನು ಪಾರ್ಶ್ವವಾಯುವಿಗೆ ತಳ್ಳಬಲ್ಲದು. ಇದನ್ನು ಲಸಿಕೆಜನ್ಯ ಪೋಲಿಯೊ ವೈರಸ್ ಎನ್ನುತ್ತಾರೆ.

2ನೇ ಬಗೆಯ ಕಾಡು ವೈರಸ್ ಕೊನೆಯ ಬಾರಿ ಕಂಡದ್ದು 1999ರಲ್ಲಿ, ಉತ್ತರ ಪ್ರದೇಶದ ಅಲಿಗಢದಲ್ಲಿ. 2015ರ ಸೆಪ್ಟೆಂಬರ್‌ನಲ್ಲಿ ಅದು ಭೂಮಿಯಿಂದಲೇ ನಿರ್ಮೂಲವಾಗಿದೆ ಎಂದು ಘೋಷಿಸಲಾಯಿತು. ಆದರೂ ಅದಕ್ಕೂ ಹಿಂದಿನ ಹತ್ತು ವರ್ಷಗಳಲ್ಲಿ ಪತ್ತೆಯಾದ, ಹರಡುವ ಲಸಿಕೆಜನ್ಯ ಪೋಲಿಯೊ ಪ್ರಕರಣಗಳಲ್ಲಿ ಬಹುಪಾಲು ಈ 2ನೇ ಬಗೆಯವೇ. ಅಂದರೆ ಇಲ್ಲದ ಶತ್ರುವಿಗಾಗಿ ಹಾಕುತ್ತಿದ್ದ ಮದ್ದೇ ಹೊಸ ಶತ್ರುವನ್ನು ಹುಟ್ಟಿಸುತ್ತಿತ್ತು. ಹಾಗಾಗಿ 1 ಮತ್ತು 3ನೇ ಬಗೆ ಮಾತ್ರ ಇರುವ ಬಿಒಪಿವಿಗೆ ಬದಲಾಗಬೇಕಾಯಿತು. 2ನೇ ಬಗೆಯ ವಿರುದ್ಧ ರಕ್ಷಣೆ ಪೂರ್ತಿ ತಪ್ಪಬಾರದೆಂದು, ಸತ್ತ ವೈರಸ್ಸಿನಿಂದ ಮಾಡಿದ ಚುಚ್ಚುಮದ್ದು ಐಪಿವಿಯನ್ನು ಜೊತೆಗೆ ಕೊಡುವುದೆಂದಾಯಿತು.

ಯಾವತ್ತು: ಒಂದೇ ದಿನ ಏಕೆ ಬೇಕು

ಸಾಮಾನ್ಯವಾಗಿ ಯಾವುದೇ ಹೊಸ ವ್ಯವಸ್ಥೆಯನ್ನು ಮೊದಲು ಒಂದು ತಾಲ್ಲೂಕಿನಲ್ಲಿ ಪರೀಕ್ಷಿಸಿ, ಆಮೇಲೆ ಜಿಲ್ಲೆಗೆ, ರಾಜ್ಯಕ್ಕೆ ವಿಸ್ತರಿಸುತ್ತಾರೆ. ಇಲ್ಲಿ ಆ ದಾರಿ ಅಪಾಯಕಾರಿ. ಭದ್ರಾವತಿ ಏಪ್ರಿಲ್‌ನಲ್ಲೇ ಬದಲಾಯಿಸಿಕೊಂಡು, ಶಿವಮೊಗ್ಗ ಹಳೆಯ ದಾಸ್ತಾನು ಮುಗಿಯಲೆಂದು ಆಗಸ್ಟ್‌ವರೆಗೆ ಕಾದಿತು ಎಂದು ಊಹಿಸಿಕೊಳ್ಳಿ. ಭದ್ರಾವತಿಯಲ್ಲಿ ಆ ನಾಲ್ಕು ತಿಂಗಳಲ್ಲಿ ಹುಟ್ಟಿದ ಮಕ್ಕಳ ಕರುಳಿಗೆ 2ನೇ ಬಗೆಯ ಪರಿಚಯವೇ ಇರುವುದಿಲ್ಲ. ಐಪಿವಿ ಅವರನ್ನು ಪಾರ್ಶ್ವವಾಯುವಿನಿಂದ ಕಾಪಾಡಬಹುದು. ಕರುಳಿನಲ್ಲಿ ವೈರಸ್ ಬೆಳೆಯುವುದನ್ನು ಅಷ್ಟಾಗಿ ತಡೆಯದು. ಇತ್ತ ಶಿವಮೊಗ್ಗದ ಮಕ್ಕಳ ಮಲದಲ್ಲಿ ಜೀವಂತ 2ನೇ ಬಗೆ ಹೊರಬರುತ್ತಲೇ ಇರುತ್ತದೆ. ಎರಡು ಊರುಗಳ ನಡುವೆ ದಿನವಿಡೀ ಬಸ್ಸುಗಳು ಓಡಾಡುತ್ತವೆ. ಹಳೆಯ ಲಸಿಕೆ ಇಲ್ಲಿ ಮುಂದುವರಿದಷ್ಟೂ ಅಲ್ಲಿ ರಕ್ಷಣೆ ಇಲ್ಲದ ಮಕ್ಕಳ ಸಂಖ್ಯೆ ಬೆಳೆಯುತ್ತದೆ, ವೈರಸ್ಸಿಗೆ ದಾರಿ ತೆರೆಯುತ್ತದೆ.

ಆದ್ದರಿಂದ ನಿಲ್ಲಿಸುವುದಾದರೆ ಎಲ್ಲರೂ ಒಟ್ಟಿಗೆ ನಿಲ್ಲಿಸಬೇಕಿತ್ತು. ಅದಕ್ಕೂ ಮೊದಲು ಆ ವರ್ಷದ ಜನವರಿ, ಫೆಬ್ರುವರಿಯ ಪಲ್ಸ್ ಪೋಲಿಯೊ ಸುತ್ತುಗಳಲ್ಲಿ ಹಳೆಯ ಲಸಿಕೆಯನ್ನೇ ಹಾಕಿ, 2ನೇ ಬಗೆಯ ವಿರುದ್ಧ ದೇಶದ ಮಕ್ಕಳ ರಕ್ಷಣೆಯನ್ನು ಆದಷ್ಟು ಮೇಲಕ್ಕೆ ಏರಿಸಲಾಯಿತು.

ಏನು ಮಾಡಬೇಕು: ಒಳ್ಳೆಯ ಸೀಸೆಯನ್ನೂ ವಾಪಸ್ ಕಳಿಸಿ

ಪ್ರಾಥಮಿಕ ಆರೋಗ್ಯ ಕೇಂದ್ರದ ಐಎಲ್‌ಆರ್ ಪೆಟ್ಟಿಗೆಯ ಮುಂದೆ ನಿಂತ ಎಎನ್‌ಎಂ ಒಬ್ಬರನ್ನು ನೆನೆಯಿರಿ. ಕೈಯಲ್ಲಿ ಟಿಒಪಿವಿ ಸೀಸೆಯಿದೆ. ಅವಧಿ ಮುಗಿದಿಲ್ಲ. ಸೀಸೆಯ ಮೇಲಿನ ವಿವಿಎಂ ಗುರುತಿನಲ್ಲಿ ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ತೆಳು ಬಣ್ಣದಲ್ಲೇ ಇದೆ, ಎಂದರೆ ಬಿಸಿ ತಗುಲಿ ಕೆಟ್ಟಿಲ್ಲ. ಏಪ್ರಿಲ್ 20ರ ಸತ್ರದಲ್ಲಿ ತೆರೆದದ್ದು, ಇನ್ನೂ ಹತ್ತಾರು ಹನಿ ಉಳಿದಿವೆ. ತೆರೆದ ಸೀಸೆಯ ಮೇಲೆ ದಿನಾಂಕ, ಸಮಯ ಬರೆದಿಟ್ಟು 28 ದಿನದವರೆಗೆ ಬಳಸಬಹುದು ಎಂಬ ನಿಯಮ ಬಾಯಿಪಾಠವಾಗಿದೆ. ಅವರು ಕಲಿತ ಪ್ರತಿಯೊಂದು ನಿಯಮವೂ ಈ ಸೀಸೆ ಒಳ್ಳೆಯದು, ಹಾಳು ಮಾಡಬೇಡಿ ಎನ್ನುತ್ತದೆ. ಏಪ್ರಿಲ್ 25ರ ನಂತರ ಈ ಸೀಸೆಯನ್ನು ಬಳಸಿದರೆ ಅದು ನಿರ್ಲಕ್ಷ್ಯದಿಂದ ಆದದ್ದಲ್ಲ, ಶ್ರದ್ಧೆಯಿಂದಲೇ ಆದದ್ದು.

ಸೂಚನೆ ಬರೆಯುವವರು ಹಿಡಿಯಬೇಕಾದ ಜಾಗ ಇದೇ. ಇನ್ನು ಮುಂದೆ ಬಿಒಪಿವಿ ಬಳಸಿ ಎಂದು ಮಾತ್ರ ಬರೆದರೆ ಹೊಸ ಕೆಲಸ ಹೇಳಿದಂತಾಯಿತು, ಹಳೆಯ ನಿಯಮ ಹಾಗೇ ಉಳಿಯಿತು. ಎರಡು ನಿಯಮ ಎದುರುಬದುರಾದಾಗ ಕೈ ಹೋಗುವುದು ರೂಢಿಯ ಕಡೆಗೆ. ಹಳೆಯ ಯಾವ ನಿಯಮ ಈ ಸೀಸೆಗೆ ಅನ್ವಯಿಸುವುದಿಲ್ಲ ಎಂಬುದನ್ನು ಹೆಸರಿಟ್ಟು ಹೇಳಬೇಕು. ಅಂದಿನ ಕ್ರಮಗಳನ್ನು ಆಧರಿಸಿ, ಒಂದು ಆರೋಗ್ಯ ಕೇಂದ್ರದ ತಂಡಕ್ಕೆ ಹೊಂದುವಂತೆ ನಾನೇ ಬರೆದ ಮಾದರಿ ಹೀಗಿದೆ:

> ವಿಷಯ: ಏಪ್ರಿಲ್ 25ರಿಂದ ಟಿಒಪಿವಿ ಬಂದ್, ಬಿಒಪಿವಿ ಆರಂಭ.
>
> ಕಾರಣ: 2ನೇ ಬಗೆಯ ಕಾಡು ಪೋಲಿಯೊ ನಿರ್ಮೂಲವಾಗಿದೆ. ಟಿಒಪಿವಿಯಲ್ಲಿರುವ 2ನೇ ಬಗೆಯಿಂದ ಹೊಸದಾಗಿ ರೋಗ ಹರಡಬಹುದು.
>
> ದಿನಾಂಕ: 25-4-2016, ಸೋಮವಾರ. ದೇಶದಾದ್ಯಂತ ಒಂದೇ ದಿನ. ಮುಂದೂಡುವಂತಿಲ್ಲ.
>
> ಮಾಡಬೇಕಾದದ್ದು: ಸತ್ರಕ್ಕೆ ಹೊರಡುವ ಮೊದಲು ಐಎಲ್‌ಆರ್, ಡೀಪ್ ಫ್ರೀಜರ್, ವ್ಯಾಕ್ಸಿನ್ ಕ್ಯಾರಿಯರ್ ಮೂರನ್ನೂ ನೋಡಿ. ಟಿಒಪಿವಿ ಎಂದಿರುವ ಪ್ರತಿ ಸೀಸೆಯನ್ನು, ತೆರೆದಿರಲಿ ಬಿಡಲಿ, ತೆಗೆದು ಗುರುತು ಹಾಕಿದ ಚೀಲಕ್ಕೆ ಹಾಕಿ. ಎಣಿಸಿ ಬರೆದು ವಾಪಸ್ ಕಳಿಸಿ. ಒಂದೂ ಇಲ್ಲದಿದ್ದರೆ ಸೊನ್ನೆ ಎಂದು ಬರೆದು ಕಳಿಸಿ.
>
> ಮಾಡಬಾರದ್ದು: ಅವಧಿ ಇದೆ, ವಿವಿಎಂ ಸರಿಯಿದೆ, 28 ದಿನ ಆಗಿಲ್ಲ ಎಂದು ಇಟ್ಟುಕೊಳ್ಳಬೇಡಿ. ಬಿಒಪಿವಿ ಬರುವುದು ತಡವಾದರೂ ಟಿಒಪಿವಿ ಹಾಕಬೇಡಿ.
>
> ಸಂದೇಹವಿದ್ದರೆ: ಮೊದಲು ನಿಮ್ಮ ವೈದ್ಯಾಧಿಕಾರಿ, ಅವರು ಸಿಗದಿದ್ದರೆ ಜಿಲ್ಲಾ ಆರ್‌ಸಿಎಚ್ ಅಧಿಕಾರಿ ಕಚೇರಿ.

ಸೊನ್ನೆ ಎಂದು ಬರೆದು ಕಳಿಸಿ ಎಂಬ ಮಾತಿಗೆ ಕಾರಣವಿದೆ. ಉತ್ತರ ಬಾರದ ಕೇಂದ್ರದಲ್ಲಿ ಸೀಸೆ ಇಲ್ಲವೋ ಅಥವಾ ಸೂಚನೆಯೇ ತಲುಪಿಲ್ಲವೋ ಎಂದು ಮೇಲಿನವರಿಗೆ ತಿಳಿಯುವುದಿಲ್ಲ. ಸೊನ್ನೆ ಬಂದರೆ ಓದಿದ್ದಾರೆ, ಹುಡುಕಿದ್ದಾರೆ ಎಂದಾಯಿತು. ಬರಿಯ ವರದಿಯನ್ನೇ ನಂಬದೆ, ಬದಲಾವಣೆಯ ನಂತರದ ಎರಡು ವಾರಗಳಲ್ಲಿ ಸ್ವತಂತ್ರ ಪರಿಶೀಲಕರು ಲಸಿಕೆ ದಾಸ್ತಾನುಗಳಿಗೂ ಆಯ್ದ ಲಸಿಕಾ ಕೇಂದ್ರಗಳಿಗೂ ಹೋಗಿ ಪೆಟ್ಟಿಗೆ ತೆರೆದು ನೋಡುವ ವ್ಯವಸ್ಥೆಯೂ ಇತ್ತು.

ಕರ್ನಾಟಕದಲ್ಲಿ ಅದೇ ಹೊತ್ತಿಗೆ ಇನ್ನೊಂದು ಬದಲಾವಣೆಯೂ ಬಂತು. ಜಗತ್ತಿನಲ್ಲೇ ಐಪಿವಿಗೆ ಕೊರತೆ ಇದ್ದುದರಿಂದ, ಸ್ನಾಯುವಿಗೆ 0.5 ಮಿ.ಲೀ. ಚುಚ್ಚುವ ಬದಲು ಚರ್ಮದ ಪದರಕ್ಕೆ 0.1 ಮಿ.ಲೀ. ಅನ್ನು ಆರನೇ ಮತ್ತು ಹದಿನಾಲ್ಕನೇ ವಾರದಲ್ಲಿ ಕೊಡುವ ಕ್ರಮವನ್ನು ಆಯ್ದುಕೊಂಡ ರಾಜ್ಯಗಳಲ್ಲಿ ನಮ್ಮದೂ ಒಂದು. ಹನಿಯ ಬದಲಾವಣೆಗೆ ಕಾಗದದ ಸೂಚನೆ ಸಾಕು, ಏಕೆಂದರೆ ಹಾಕುವ ವಿಧಾನ ಬದಲಾಗಿಲ್ಲ. ಚರ್ಮದ ಪದರದ ಚುಚ್ಚುಮದ್ದಿಗೆ ಸಾಲದು. ಸೂಜಿ ಸರಿಯಾದ ಆಳದಲ್ಲಿದ್ದರೆ ಚರ್ಮದ ಮೇಲೆ ಸಣ್ಣ ಗುಳ್ಳೆ ಏಳುತ್ತದೆ. ಗುಳ್ಳೆ ಏಳದಿದ್ದರೆ ಮದ್ದು ಒಳಕ್ಕೆ ಇಳಿದುಹೋಗಿದೆ ಎಂದರ್ಥ. ಇದನ್ನು ಕಣ್ಣೆದುರು ಮಾಡಿ ತೋರಿಸಿ, ಮಾಡಿಸಿ ನೋಡಬೇಕು.

ಚರಂಡಿ ನೀರು ಹೇಳಿದ್ದು

ಈ ಸೂಚನೆ ಪಾಲನೆಯಾಯಿತೇ ಎಂದು ಅಳೆಯಲು ವಿಜ್ಞಾನಿಗಳ ಬಳಿ ಒಂದು ಗಡಿಯಾರವಿತ್ತು. ಪೋಲಿಯೊ ವೈರಸ್ಸಿನ ಹೊರಕವಚದ ಒಂದು ಪ್ರೋಟೀನನ್ನು ರೂಪಿಸುವ ಆರ್‌ಎನ್‌ಎ ಭಾಗದಲ್ಲಿ ಸುಮಾರು 900 ಅಕ್ಷರಗಳಿವೆ. ವೈರಸ್ ಮಕ್ಕಳಿಂದ ಮಕ್ಕಳಿಗೆ ದಾಟುತ್ತಿದ್ದರೆ ವರ್ಷಕ್ಕೆ ಶೇ. 1ರಷ್ಟು, ಅಂದರೆ ಒಂಬತ್ತು ಅಕ್ಷರ ಬದಲಾಗುತ್ತವೆ. ಕೊಳಚೆ ನೀರಿನಲ್ಲಿ ಸಿಕ್ಕ 2ನೇ ಬಗೆಯ ವೈರಸ್ಸಿನಲ್ಲಿ ಬದಲಾವಣೆ ಒಂದೂ ಇಲ್ಲ ಅಥವಾ ಒಂದೆರಡೇ ಇವೆ ಎಂದರೆ, ಹತ್ತಿರದಲ್ಲೇ ಎಲ್ಲೋ ಈಚೆಗೆ ಹಳೆಯ ಸೀಸೆ ತೆರೆದಿದ್ದಾರೆ, ಹೋಗಿ ಹುಡುಕಬೇಕು. ಆರು ಅಥವಾ ಹೆಚ್ಚು ಇದ್ದರೆ ಅದು ಲಸಿಕೆಜನ್ಯ ವೈರಸ್. ಲೆಕ್ಕದ ಪ್ರಕಾರ ಎಂಟು ತಿಂಗಳಾದರೂ ಹರಿದಾಡಿದೆ.

ಬದಲಾವಣೆಯಾದ ಮರುತಿಂಗಳೇ, ಮೇ ತಿಂಗಳಲ್ಲಿ ಹೈದರಾಬಾದಿನ ಕೊಳಚೆ ನೀರಿನಿಂದ ತೆಗೆದ ಮಾದರಿಯಲ್ಲಿ ಇಂಥ ಲಸಿಕೆಜನ್ಯ 2ನೇ ಬಗೆ ಪತ್ತೆಯಾಯಿತು. ಗಡಿಯಾರದ ಲೆಕ್ಕದಲ್ಲಿ ಅದು ಹುಟ್ಟಿದ್ದು ಏಪ್ರಿಲ್ 25ಕ್ಕಿಂತ ಎಷ್ಟೋ ಮೊದಲು. ಆದ್ದರಿಂದ ಯಾರೋ ಸೂಚನೆ ಮೀರಿದರು ಎಂಬುದಕ್ಕೆ ಅದು ಸಾಕ್ಷಿಯಲ್ಲ. ಹಳೆಯ ಲಸಿಕೆಯನ್ನು ನಿಲ್ಲಿಸಲು ಕೊಟ್ಟ ಕಾರಣ ನಿಜ ಎಂಬುದಕ್ಕೆ ಸಾಕ್ಷಿ. ಜೂನ್‌ನಲ್ಲಿ ಅಲ್ಲಿನ ಮಕ್ಕಳಿಗೆ ಅದೇ 0.1 ಮಿ.ಲೀ. ಐಪಿವಿ ಕೊಡುವ ವಿಶೇಷ ಅಭಿಯಾನ ನಡೆಯಿತು.

ಜಗತ್ತಿನ ಎಲ್ಲೆಡೆ ಕಥೆ ಇಷ್ಟು ಚೆನ್ನಾಗಿ ಮುಗಿಯಲಿಲ್ಲ. ರಕ್ಷಣೆ ಮೊದಲೇ ಕಡಿಮೆಯಿದ್ದ ದೇಶಗಳಲ್ಲಿ, ಮುಖ್ಯವಾಗಿ ಆಫ್ರಿಕಾದಲ್ಲಿ, ಮುಂದಿನ ವರ್ಷಗಳಲ್ಲಿ 2ನೇ ಬಗೆಯ ಲಸಿಕೆಜನ್ಯ ಪೋಲಿಯೊ ಹರಡಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪಾರ್ಶ್ವವಾಯುವಿಗೆ ತಳ್ಳಿತು. ಪೋಲಿಯೊ ನಿರ್ಮೂಲನ ಕಾರ್ಯಕ್ರಮವೇ ಕೇಳಿ ಪಡೆದ ಮೌಲ್ಯಮಾಪನ 2024ರಲ್ಲಿ ಈ ಬದಲಾವಣೆಯನ್ನು ವೈಫಲ್ಯವೆಂದೇ ಕರೆಯಿತು. ನಿಗದಿಯಾದ ದಿನಗಳಲ್ಲಿ ಸೀಸೆಗಳು ಬದಲಾದವು. ಆದರೆ ಐಪಿವಿ ಸಾಕಷ್ಟು ಸಿಗಲಿಲ್ಲ. ರೋಗ ಕಾಣಿಸಿದ ಕಡೆ ಪ್ರತಿಕ್ರಿಯೆ ತಡವಾಯಿತು. ಅಲ್ಲಿ ರೋಗವನ್ನು ತಡೆಯಲು ಮತ್ತೆ ಬಳಸಿದ 2ನೇ ಬಗೆಯ ಹನಿಯೇ ಅಕ್ಕಪಕ್ಕದ ಊರುಗಳಲ್ಲಿ ಹೊಸ ಸರಪಳಿ ಹುಟ್ಟಿಸಿದ್ದೂ ಉಂಟು.

ಈಗ ನಾವು ಬಳಸುತ್ತಿರುವ ಬಿಒಪಿವಿಯೂ ಜೀವಂತ ವೈರಸ್ಸಿನ ಲಸಿಕೆಯೇ. ಕಾಡು ಪೋಲಿಯೊ ಪೂರ್ತಿ ಅಳಿದ ಮೇಲೆ ಅದನ್ನೂ ಒಂದು ದಿನ ನಿಲ್ಲಿಸಬೇಕಾಗುತ್ತದೆ. ಆಗ ಕೋಟೆಯ, ಭದ್ರಾವತಿಯ ಲಸಿಕಾ ತಂಡಗಳಿಗೆ ಬರುವ ಸೂಚನೆಯಲ್ಲಿ 2016ರಲ್ಲಿದ್ದ ನಾಲ್ಕು ಉತ್ತರಗಳ ಜೊತೆ ಇನ್ನೆರಡು ಇರಬೇಕು. ಸ್ವಂತ ಫ್ರಿಜ್‌ನಲ್ಲಿ ಲಸಿಕೆ ಇಟ್ಟುಕೊಳ್ಳುವ ಖಾಸಗಿ ಕ್ಲಿನಿಕ್‌ಗಳಿಂದ ಸೀಸೆ ತರುವವರು ಯಾರು ಎಂಬುದು ಒಂದು. ನಿಲ್ಲಿಸಿದ ವೈರಸ್ ಮತ್ತೆ ಕಂಡರೆ ಎಷ್ಟು ದಿನದೊಳಗೆ ಯಾರು ಏನು ಮಾಡುತ್ತಾರೆ ಎಂಬುದು ಇನ್ನೊಂದು. ಆ ಎರಡನೆಯ ಉತ್ತರವನ್ನು ದಿನಾಂಕ ಗೊತ್ತುಮಾಡುವುದಕ್ಕೂ ಮೊದಲೇ ಬರೆದಿಟ್ಟಿರಬೇಕು.