ಬೆನ್ನಪುಟದ ನಾಲ್ಕು ಸಾಲು

ಮೊದಲ ಪುಸ್ತಕದ ಕೆಲಸವೆಲ್ಲ ಮುಗಿದು, ಒಳಪುಟಗಳ ಕರಡು ತಿದ್ದಿ ಆದಮೇಲೆ ಪ್ರಕಾಶಕರು ಫೋನ್ ಮಾಡುತ್ತಾರೆ: ‘ಮುಖಪುಟ ರೆಡಿ ಇದೆ, ನಿಮ್ಮ ಫೋಟೊ ಮತ್ತು ಪರಿಚಯ ಇವತ್ತೇ ಕಳಿಸಿಬಿಡಿ.’ ವರ್ಷಗಟ್ಟಲೆ ಕಥೆ ತಿದ್ದಿದವರು ಆ ಪರಿಚಯವನ್ನು ಊಟದ ಬಿಡುವಿನಲ್ಲಿ ಬರೆದು ವಾಟ್ಸ್‌ಆ್ಯಪ್ ಮಾಡುತ್ತಾರೆ. ಅಂಗಡಿಯಲ್ಲಿ ಪುಸ್ತಕ ಎತ್ತಿಕೊಂಡವರು ಮುಖಪುಟ ನೋಡಿ, ತಿರುಗಿಸಿ, ಮೊದಲು ಓದುವುದು ಅದನ್ನೇ.

ಜಾಗವಾದರೂ ಎಷ್ಟಿರುತ್ತದೆ? ಕನ್ನಡ ಪುಸ್ತಕಗಳು ಹೆಚ್ಚಾಗಿ ಡೆಮಿ ಅಷ್ಟಮದಲ್ಲಿ ಬರುತ್ತವೆ, ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಅದರಲ್ಲಿ ಹಿರಿಯ ಲೇಖಕರೊಬ್ಬರ ಬೆನ್ನುಡಿ ಬರಬೇಕು, ಬಾರ್‌ಕೋಡ್ ಮತ್ತು ಬೆಲೆ ಕೂರಬೇಕು, ನಿಮ್ಮ ಫೋಟೊ ಇರಬೇಕು. ಪರಿಚಯಕ್ಕೆ ಉಳಿಯುವುದು ನಲವತ್ತರಿಂದ ಅರವತ್ತು ಪದ. ಹೆಚ್ಚು ಕಳಿಸಿದರೆ ವಿನ್ಯಾಸಕಾರರು ಕತ್ತರಿಸುವುದಿಲ್ಲ, ಅಕ್ಷರ ಚಿಕ್ಕದು ಮಾಡುತ್ತಾರೆ. ಆಗ ಅದನ್ನು ಯಾರೂ ಓದುವುದಿಲ್ಲ.

ಒಬ್ಬ ಕಥೆಗಾರ್ತಿಯನ್ನು ಕಲ್ಪಿಸಿಕೊಳ್ಳಿ. ಊರು ಶಿರಸಿ ಕಡೆಯದು, ಕೆಲಸ ಹಾವೇರಿ ಜಿಲ್ಲೆಯ ವಿದ್ಯುತ್ ಉಪಕೇಂದ್ರವೊಂದರಲ್ಲಿ. ಕಥೆಗಳು ತೋಟದ ಮನೆಗಳ ಹೆಂಗಸರ ಬಗ್ಗೆ. ಕೆಲಸಕ್ಕೂ ಕಥೆಗೂ ಸಂಬಂಧವಿಲ್ಲ. ಅವರ ಮೊದಲ ಕರಡು ಹೀಗಿರಬಹುದು:

‘ಕೃಷಿ ಕುಟುಂಬದಲ್ಲಿ ಜನಿಸಿದ ಇವರು ಡಿಪ್ಲೊಮಾ ಪದವೀಧರೆ. ಪ್ರಸ್ತುತ ವಿದ್ಯುತ್ ಕ್ಷೇತ್ರದಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಬಾಲ್ಯದಿಂದಲೂ ಸಾಹಿತ್ಯದಲ್ಲಿ ಅಪಾರ ಆಸಕ್ತಿ. ವೃತ್ತಿಯ ಒತ್ತಡದ ನಡುವೆಯೂ ಬರವಣಿಗೆಯನ್ನು ಪ್ರವೃತ್ತಿಯಾಗಿ ಬೆಳೆಸಿಕೊಂಡಿದ್ದಾರೆ. ನಾಡಿನ ಹಲವು ಪತ್ರಿಕೆಗಳಲ್ಲಿ ಬರಹಗಳು ಪ್ರಕಟವಾಗಿವೆ. ಓದು, ಪ್ರವಾಸ, ಸಂಗೀತ ಇವರ ಹವ್ಯಾಸಗಳು.’

ಇದರಲ್ಲಿ ಸುಳ್ಳೇನಿಲ್ಲ. ಆದರೆ ಹೆಸರು ಬದಲಿಸಿದರೆ ಇನ್ಯಾರ ಪುಸ್ತಕಕ್ಕೂ ಅಂಟಿಸಬಹುದು. ಕೆಟ್ಟ ಪರಿಚಯವನ್ನು ಗುರುತಿಸುವ ಪರೀಕ್ಷೆ ಇದೊಂದೇ. ಆಸಕ್ತಿ ಇಲ್ಲದೆ ಯಾರೂ ಪುಸ್ತಕ ಬರೆಯುವುದಿಲ್ಲ, ಹಾಗಾಗಿ ‘ಅಪಾರ ಆಸಕ್ತಿ’ ಏನನ್ನೂ ಹೇಳುವುದಿಲ್ಲ. ‘ಒತ್ತಡದ ನಡುವೆಯೂ’ ಎಂಬುದಂತೂ ಓದುಗರಿಂದ ರಿಯಾಯಿತಿ ಬೇಡಿದಂತೆ. ನೂರೈವತ್ತು ರೂಪಾಯಿ ಕೊಡುವವರಿಗೆ ನೀವು ಯಾವ ಹೊತ್ತಿನಲ್ಲಿ ಬರೆದಿರಿ ಎಂಬುದು ಮುಖ್ಯವಲ್ಲ.

ಹಾಗೆಂದು ಕೆಲಸವನ್ನು ಮುಚ್ಚಿಡಬೇಕಿಲ್ಲ. ‘ಮೈಸೂರ ಮಲ್ಲಿಗೆ’ 1942ರಲ್ಲಿ ಬಂತು. ಅದರ ಕವಿ ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಕಚೇರಿಯ ನೌಕರರು. ಕಚೇರಿಗೂ ಆ ದಾಂಪತ್ಯಗೀತೆಗಳಿಗೂ ನಂಟು ಹುಡುಕುವ ಅಗತ್ಯ ಯಾರಿಗೂ ಬೀಳಲಿಲ್ಲ. ಯಶವಂತ ಚಿತ್ತಾಲರ ಮಾತು ಬೇರೆ. ಮುಂಬೈಯಲ್ಲಿ ರಾಸಾಯನಿಕ ಉದ್ಯಮದಲ್ಲಿದ್ದವರು ಅವರು, ‘ಶಿಕಾರಿ’ಯ ನಾಗಪ್ಪನೂ ಅಂಥದೇ ಕಂಪನಿಯವನು. ಅಲ್ಲಿ ಉದ್ಯೋಗದ ವಿವರ ಓದುಗನಿಗೆ ದಾರಿ ತೋರಿಸುತ್ತದೆ. ನಂಟಿದ್ದರೆ ಎರಡು ಮಾತು ಹೆಚ್ಚು ಹೇಳಿ, ಇಲ್ಲದಿದ್ದರೆ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. ‘ವಿದ್ಯುತ್ತಿನಂತೆ ಹರಿಯುವ ಭಾಷೆ’ ಎಂಬ ಕಸರತ್ತು ಮಾತ್ರ ಬೇಡ.

ಅದೇ ಕಥೆಗಾರ್ತಿಯ ಪರಿಚಯವನ್ನು ಮತ್ತೆ ಬರೆದರೆ:

‘ಬೆಳೆದದ್ದು ಶಿರಸಿ ಸಮೀಪದ ಹಳ್ಳಿಯಲ್ಲಿ. ಈ ಸಂಕಲನದ ಹೆಚ್ಚಿನ ಕಥೆಗಳು ನಡೆಯುವುದೂ ಅಲ್ಲಿಯ ತೋಟದ ಮನೆಗಳಲ್ಲೇ. ಹಾವೇರಿ ಜಿಲ್ಲೆಯ ವಿದ್ಯುತ್ ಉಪಕೇಂದ್ರದಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಾರೆ. ಇಲ್ಲಿಯ ಎರಡು ಕಥೆಗಳು ಮೊದಲು ‘ಮಯೂರ’ದಲ್ಲಿ ಪ್ರಕಟವಾಗಿದ್ದವು. ಇದು ಇವರ ಮೊದಲ ಪುಸ್ತಕ.’

‘ಸೇವೆ ಸಲ್ಲಿಸುತ್ತಿದ್ದಾರೆ’ ಹೋಗಿ ಕೆಲಸದ ಜಾಗ ಮತ್ತು ರೀತಿ ಬಂತು. ‘ಹಲವು ಪತ್ರಿಕೆ’ ಹೋಗಿ ಒಂದು ಪತ್ರಿಕೆಯ ಹೆಸರು ಬಂತು. ಪ್ರಕಟವಾದದ್ದು ಏನೂ ಇಲ್ಲದಿದ್ದರೆ ಆ ವಾಕ್ಯವೇ ಬೇಡ, ಮೊದಲ ಪುಸ್ತಕ ಎಂದರೆ ಸಾಕು. ಕೊನೆಯ ಆ ಮಾತನ್ನು ‘ಚೊಚ್ಚಲ ಪ್ರಯತ್ನ, ಓದುಗರು ಮನ್ನಿಸಬೇಕು’ ಎಂದು ಎಳೆಯುವುದೂ ನಮ್ಮಲ್ಲಿ ರೂಢಿ. ಮನ್ನಿಸುವಂಥದೇನಾದರೂ ಇದ್ದರೆ ಅದನ್ನು ಒಳಗೇ ತಿದ್ದಬೇಕಿತ್ತು.

ಉದ್ಯೋಗ ಸಂಸ್ಥೆಯ ಹೆಸರು ಹಾಕುವ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಸರ್ಕಾರಿ ನೌಕರರ ಬರವಣಿಗೆ, ಪ್ರಕಟಣೆಗಳಿಗೆ ನಡತೆ ನಿಯಮಗಳ ಕಟ್ಟುಪಾಡಿದೆ, ಖಾಸಗಿ ಕಂಪನಿಗಳಲ್ಲೂ ಇಂಥ ಷರತ್ತುಗಳಿರುವುದುಂಟು. ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುವುದು ಕ್ಷೇಮ. ಹೆಸರು ಬಿಟ್ಟರೂ ನಷ್ಟವೇನಿಲ್ಲ: ‘ಬ್ಯಾಂಕ್ ಉದ್ಯೋಗಿ’ ಎಂದಷ್ಟೇ ಇದ್ದರೆ ನಾಳೆ ಬೇರೆ ಬ್ಯಾಂಕಿಗೆ ಹೋದರೂ ಪುಸ್ತಕ ಹಳತಾಗುವುದಿಲ್ಲ. ‘ಪ್ರಸ್ತುತ’, ‘ಕಳೆದ ಐದು ವರ್ಷಗಳಿಂದ’ ಎಂಬ ಮಾತುಗಳೂ ಪ್ರತಿಗಳು ಮಾರಾಟವಾಗುವ ಮೊದಲೇ ತಪ್ಪಾಗಿಬಿಡುತ್ತವೆ.

ಇನ್ನೊಂದು ಮಾತು. ಮುಖಪುಟ ಮತ್ತು ಬೆನ್ನಪುಟ ಸೇರಿ ಬೇರೆಯೇ ಫೈಲು. ಒಳಪುಟಗಳ ಕರಡು ತಿದ್ದಿದವರ ಕಣ್ಣಿಗೆ ಅದು ಬೀಳದೆಯೂ ಹೋಗಬಹುದು. ಅಚ್ಚಿಗೆ ಹೋಗುವ ಮುನ್ನ ಆ ಫೈಲನ್ನೂ ಕೇಳಿ ತರಿಸಿಕೊಳ್ಳಿ, ನಿಮ್ಮ ಹೆಸರಿನ ಅಕ್ಷರಗಳಿಂದ ಹಿಡಿದು ಒಮ್ಮೆ ಓದಿ ನೋಡಿ.