ಫ್ರೆಂಚ್ ಅರ್ಜಿಯಲ್ಲಿ ‘ಜ’ಗಳ ಸಾಲು

ಫ್ರಾನ್ಸಿನಲ್ಲಿ ಕೆಲಸಕ್ಕೆ ಅರ್ಜಿ ಹಾಕುವವರು ಬಯೋಡೇಟಾದ ಜೊತೆ ಒಂದು ಪುಟದ ಪತ್ರವನ್ನೂ ಕಳಿಸುವ ರೂಢಿಯಿದೆ. ಅದಕ್ಕೆ ‘ಲೆತ್ರ್ ದ ಮೋತಿವಾಸ್ಯೋಂ’ ಎನ್ನುತ್ತಾರೆ. ಬರೆಯುವುದು ತಮ್ಮ ಬಗ್ಗೆಯೇ ಆದ್ದರಿಂದ ವಾಕ್ಯಕ್ಕೊಂದು ‘ಜ’, ಅಂದರೆ ‘ನಾನು’, ಬಂದು ಕೂರುತ್ತದೆ. ಕನ್ನಡದಲ್ಲಿ ‘ಓದಿದೆ, ದುಡಿದೆ, ಕಲಿತೆ’ ಎಂದರೆ ಸಾಕು, ಯಾರು ಎಂಬುದನ್ನು ಕ್ರಿಯಾಪದವೇ ಹೇಳುತ್ತದೆ. ಫ್ರೆಂಚಿನಲ್ಲಿ ಕರ್ತೃವನ್ನು ಹಾಗೆ ಬಿಡುವಂತಿಲ್ಲ. ‘ಜ’ವನ್ನು ವಾಕ್ಯದ ತಲೆಯಿಂದ ಇಳಿಸಬಹುದು, ಅಷ್ಟೇ.

ಬೆಂಗಳೂರಿನ ಎಂಜಿನಿಯರ್ ಒಬ್ಬಳು ಲಿಯೋನ್ ನಗರದ ಕಂಪನಿಗೆ ಬರೆಯುತ್ತಾಳೆ ಎಂದುಕೊಳ್ಳಿ. ‘ನಾನು ಕಂಪ್ಯೂಟರ್ ಪದವೀಧರೆ. ನಾನು ಮೂರು ವರ್ಷ ಬ್ಯಾಂಕಿನಲ್ಲಿ ದುಡಿದೆ. ನಾನು ತಂಡ ನಡೆಸಲು ಕಲಿತೆ.’ ವ್ಯಾಕರಣ ಸರಿಯಿದೆ, ಆದರೆ ಪ್ರಶ್ನಾವಳಿಗೆ ಉತ್ತರ ತುಂಬಿದಂತಿದೆ. ಮೊದಲ ಎರಡನ್ನು ಬೆಸೆಯಬಹುದು. ‘ದಿಪ್ಲೊಮೆ’, ಅಂದರೆ ಪದವಿ ಪಡೆದವಳು, ಎಂಬ ವಿಶೇಷಣವನ್ನು ಮುಂದಿಟ್ಟು, ಅಲ್ಪವಿರಾಮದ ನಂತರ ‘ನಾನು ಮೂರು ವರ್ಷ ದುಡಿದೆ’ ಎನ್ನುವುದು. ಮೂರನೆಯದರಲ್ಲಿ ಅನುಭವವನ್ನೇ ಕರ್ತೃವಾಗಿಸಿದರೆ ‘ಈ ಅನುಭವ ನನಗೆ ತಂಡ ನಡೆಸುವುದನ್ನು ಕಲಿಸಿತು’ ಎಂದಾಗುತ್ತದೆ. ಕನ್ನಡದಲ್ಲಿ ಇದು ಸ್ವಲ್ಪ ಬಿಗುವಾಗಿ ಕೇಳಬಹುದು, ಫ್ರೆಂಚ್ ಕಚೇರಿಯ ಬರಹಕ್ಕೆ ಅದು ಸಹಜ ದಾಟಿ. ಪತ್ರದ ಮೊದಲ ವಾಕ್ಯವನ್ನಂತೂ ‘ವೋತ್ರ್’, ‘ನಿಮ್ಮ’, ಎಂಬ ಪದದಿಂದ ಎತ್ತಿಕೊಳ್ಳುವುದೇ ಮೇಲು: ನಿಮ್ಮ ಪ್ರಕಟಣೆ, ನಿಮ್ಮ ಯೋಜನೆ.

ಎಡವುವುದು ಇಲ್ಲೇ. ವಿಶೇಷಣ ಮುಂದೆ ಬಂದರೆ ಅದು ಅಲ್ಪವಿರಾಮದ ಆಚೆಗಿನ ಕರ್ತೃವಿಗೆ ಅಂಟಬೇಕು. ‘ಪದವಿ ಪಡೆದು, ನಿಮ್ಮ ಪ್ರಕಟಣೆ ನನ್ನ ಗಮನ ಸೆಳೆಯಿತು’ ಎಂದು ಬರೆದರೆ ಪದವಿ ಪಡೆದದ್ದು ಪ್ರಕಟಣೆಯೇ! ‘ಜ’ವನ್ನು ಓಡಿಸುವ ಆತುರದಲ್ಲಿ ಆಗುವ ತಪ್ಪಿದು. ಪರೀಕ್ಷಿಸುವುದು ಸುಲಭ: ಪದವಿ ಯಾರದು ಎಂದು ಕೇಳಿ, ಅಲ್ಪವಿರಾಮದ ನಂತರದ ಕರ್ತೃ ಅವರೇ ಹೌದೇ ಎಂದು ನೋಡಿ.

ಪತ್ರದ ಮುಕ್ತಾಯದಲ್ಲಿ ಅನೇಕರು ಇದೇ ಹೊಂಡಕ್ಕೆ ಬೀಳುತ್ತಾರೆ. ‘ನಿಮ್ಮ ಉತ್ತರದ ನಿರೀಕ್ಷೆಯಲ್ಲಿ’ ಎಂದು ತೊಡಗಿ ‘ವೆಯೆ ಆಗ್ರೆಯೆ’, ‘ದಯವಿಟ್ಟು ಸ್ವೀಕರಿಸಿ’, ಎಂದು ಮುಗಿಸುತ್ತಾರೆ. ಸ್ವೀಕರಿಸುವವರು ಓದುವವರು, ಹಾಗಾಗಿ ಉತ್ತರಕ್ಕೆ ಕಾಯುವವರೂ ಅವರೇ ಎಂದಾಗುತ್ತದೆ. ಕಾಯುತ್ತಿರುವುದು ಬರೆದವಳು. ಆದ್ದರಿಂದ ಆ ತೊಡಕಿನ ನಂತರ ‘ಜ ವೂ ಪ್ರಿ ದಾಗ್ರೆಯೆ’, ‘ಸ್ವೀಕರಿಸಬೇಕೆಂದು ನಾನು ಕೋರುತ್ತೇನೆ’, ಎಂದೇ ಬರೆಯಬೇಕು. ಇಲ್ಲಿ ‘ಜ’ ಕಡ್ಡಾಯ.

ಕರ್ಮಣಿ ಪ್ರಯೋಗದ ಮೊರೆ ಹೋಗುವವರೂ ಇದ್ದಾರೆ. ‘ಹೊಸ ವ್ಯವಸ್ಥೆಯನ್ನು ರೂಪಿಸಲಾಯಿತು’ ಎಂದರೆ ವಿನಯವೇನೋ ಕಾಣುತ್ತದೆ, ರೂಪಿಸಿದ್ದು ಯಾರೆಂದು ಮಾತ್ರ ತಿಳಿಯುವುದಿಲ್ಲ. ಕೆಲಸ ಕೊಡುವವರಿಗೆ ಬೇಕಾದದ್ದು ಅದೇ ಮಾಹಿತಿ. ನೀವೇ ಮಾಡಿದ ಕೆಲಸವನ್ನು ಹೇಳುವ ವಾಕ್ಯದಲ್ಲಿ ‘ಜ’ವನ್ನು ಧೈರ್ಯವಾಗಿ ತಲೆಯಲ್ಲೇ ಇಡಿ.